ಹತ್ತೂವರೆ ರೂಪಾಯಿಯ ಗಿಟುಕು

ಸಾಲ ಮಾಡಿದವನಿಗೆ ಬಡ್ಡಿ ಬೀಳುವುದು ಲೋಕಾರೂಢಿ. ಸಾಲ ಮಾಡದೆ ಸುಮ್ಮನಿದ್ದವರಿಗೆ ದಂಡ ಬಿದ್ದುದನ್ನು ನಾನು ಕಂಡದ್ದು ಒಂದೇ ಸಲ, ತಿಪಟೂರಿನಲ್ಲಿ. ಆ ದಂಡದ ಮೇಲೆ ತೆರಿಗೆಯೂ ಬಿದ್ದಿತ್ತು. ಎರಡನ್ನೂ ವಾಪಸು ಪಡೆಯುವುದಕ್ಕೆ ನಡೆದ ಯುದ್ಧದಲ್ಲಿ ನಾನು ಉಭಯ ರಾಜ್ಯಗಳ ರಾಯಭಾರಿಯಾಗಿದ್ದೆ. ರಾಯಭಾರಿಯನ್ನು ಕೊಲ್ಲಬಾರದೆಂದು ಶಾಸ್ತ್ರವಿದೆ. ಬೈಯಬಾರದೆಂದು ಎಲ್ಲಿಯೂ ಹೇಳಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ತುರುವೇಕೆರೆ ಕಡೆಯಿಂದ ಬಂದು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಲೆಕ್ಕ ಬರೆಯುವುದು, ತೂಕದ ಚೀಟಿ ಬರೆಯುವುದು, ಬ್ಯಾಂಕಿಗೆ ಹೋಗಿ ನಿಲ್ಲುವುದು, ಇವು ನನ್ನ ಕೆಲಸಗಳು. ಇವುಗಳಲ್ಲಿ ಮೂರನೆಯದೇ ಹೆಚ್ಚು ಹೊತ್ತು ತಿನ್ನುತ್ತಿತ್ತು.

ಮಂಡಿಗೆ ಇಬ್ಬರು ಪಾಲುದಾರರು. ಒಬ್ಬರು ಯಜಮಾನರು. ಹಣೆತುಂಬ ವಿಭೂತಿ, ಬಾಯಿತುಂಬ ಎಲೆಅಡಿಕೆ, ಯಾರ ಜತೆಗೂ ಜಗಳ ಬೇಡವೆನ್ನುವ ಸ್ವಭಾವ. ಇನ್ನೊಬ್ಬರು ಅವರ ಅಕ್ಕ. ಹಂದನಕೆರೆಗೆ ಕೊಟ್ಟಿದ್ದರಂತೆ, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿ ಬಂದು, ಒಡವೆಯನ್ನೆಲ್ಲ ಮಾರಿ ತಮ್ಮನ ವ್ಯಾಪಾರಕ್ಕೆ ಹಾಕಿದ್ದರು. ಪುಕ್ಕಟೆ ಹಾಕಲಿಲ್ಲ. ವಕೀಲರ ಮುಂದೆ ಕೂತು ಪಾಲುದಾರಿಕೆಯ ಪತ್ರ ಬರೆಸಿಕೊಂಡೇ ಹಾಕಿದರು. ಆದ್ದರಿಂದ ಬ್ಯಾಂಕಿನ ಸಾಲದ ಕಾಗದಗಳಿಗೆಲ್ಲ ಎರಡು ರುಜು ಬೇಕು. ಯಜಮಾನರು ಎಲ್ಲಿ ತೋರಿಸಿದರೆ ಅಲ್ಲಿ ರುಜು ಹಾಕುವವರು. ಅಕ್ಕಾವ್ರು ಹಾಗಲ್ಲ. ಅವರಿಗೆ ಇಂಗ್ಲಿಷ್ ಬಾರದು. ಇಂಗ್ಲಿಷಿನಲ್ಲಿರುವುದನ್ನು ನಾನು ಒಂದೊಂದು ಸಾಲಾಗಿ ಓದಿ ಅರ್ಥ ಹೇಳಿದ ಮೇಲೆ, "ಇನ್ನೊಂದ್ಸಲ ಓದಪ್ಪ" ಎಂದು, ಎರಡೂ ಸಲ ಒಂದೇ ಅರ್ಥ ಬಂದರೆ ಮಾತ್ರ ಪೆನ್ನು ಮುಟ್ಟುತ್ತಿದ್ದರು.

ಬ್ಯಾಂಕಿನಲ್ಲಿ ನಮ್ಮದು ಕ್ಯಾಶ್ ಕ್ರೆಡಿಟ್ ಖಾತೆ. ಗೋಡೌನಿನಲ್ಲಿರುವ ಕೊಬ್ಬರಿಯ ಮೇಲೆ ಬ್ಯಾಂಕು ಇಷ್ಟರವರೆಗೆ ಎಂದು ಒಂದು ಮಿತಿ ಕಟ್ಟುತ್ತದೆ. ಅದರೊಳಗೆ ಬೇಕಾದಾಗ ಎತ್ತಬಹುದು, ಬೇಕಾದಾಗ ಕಟ್ಟಬಹುದು. ಎತ್ತಿದ್ದಕ್ಕೆ ಮಾತ್ರ ಬಡ್ಡಿ. ನಮ್ಮ ಬೀದಿಯ ಮಂಡಿಗಳವರೆಲ್ಲ ವರ್ಷಪೂರ್ತಿ ಈ ಮಿತಿಯಲ್ಲಿ ಕತ್ತಿನ ಮಟ್ಟ ಮುಳುಗಿ ಸುಖವಾಗಿದ್ದರು. ನಮ್ಮವರಿಗೆ ಮಾತ್ರ ಒಂದು ಮನೆತನದ ಕಟ್ಟಳೆ ಇತ್ತು. ದೀಪಾವಳಿ ಅಮಾವಾಸ್ಯೆಯ ದಿನ ಲೆಕ್ಕದ ಪುಸ್ತಕಗಳಿಗೆ ಪೂಜೆ ಮಾಡುವ ಮೊದಲು ಸಾಲ ಪೂರ್ತಿ ತೀರಿರಬೇಕು. ಮುಂದೆ ಕಾರ್ತಿಕ ಮಾಸ ಮುಗಿಯುವ ತನಕ ಒಂದು ಕಾಸೂ ಸಾಲ ಎತ್ತಬಾರದು. ಅವರ ತಂದೆಯ ಕಾಲದಿಂದ ನಡೆದು ಬಂದದ್ದು. ಆ ತಿಂಗಳು ಕೈಯಲ್ಲಿದ್ದ ದುಡ್ಡಿಗೆ ಬಂದಷ್ಟು ಕೊಬ್ಬರಿ ಕೊಳ್ಳುವುದು, ಸಾಲದೆ ಬಂದರೆ ರೈತರಿಗೆ ಕೈಮುಗಿದು ಎದುರು ಮಂಡಿಯನ್ನು ತೋರಿಸುವುದು. ಎದುರು ಮಂಡಿಯವರು ಕಾರ್ತಿಕ ಮಾಸವನ್ನು ನಮಗಿಂತಲೂ ಭಕ್ತಿಯಿಂದ ಎದುರು ನೋಡುತ್ತಿದ್ದರು.

ಆ ಸಲ ಸಂಕ್ರಾಂತಿಯ ಹೊತ್ತಿಗೆ ಬ್ಯಾಂಕಿನಿಂದ ಸ್ಟೇಟ್‌ಮೆಂಟು ಬಂತು. ಗದ್ದುಗೆಯ ಮೇಲೆ ಯಜಮಾನರು, ಒಳಬಾಗಿಲ ಹೊಸ್ತಿಲ ಮೇಲೆ ಅಕ್ಕಾವ್ರು, ನಡುವೆ ನಾನು. ಡಿಸೆಂಬರ್ ಕೊನೆಯ ದಿನದ ಬಡ್ಡಿಯ ಕೆಳಗೆ ಖರ್ಚಿನ ಕಡೆಯಲ್ಲಿ ಎರಡು ಹೊಸ ಗೆರೆಗಳು. ಒಂದು ಕಮಿಟ್ಮೆಂಟ್ ಚಾರ್ಜು, ನೂರೈವತ್ತು ರೂಪಾಯಿ. ಇನ್ನೊಂದು ಅದರ ಮೇಲಿನ ಬಡ್ಡಿ ತೆರಿಗೆ, ಹತ್ತೂವರೆ ರೂಪಾಯಿ.

"ಅಂಗಂದ್ರೆ ಏನಪ್ಪ?" ಅಂದರು ಅಕ್ಕಾವ್ರು.

ನನಗೂ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಕೇಳಿಕೊಂಡು ಬಂದು ಹೇಳಿದೆ. ಬ್ಯಾಂಕು ನಮಗೋಸ್ಕರ ಒಂದು ಮೊತ್ತವನ್ನು ತೆಗೆದಿಟ್ಟಿರುತ್ತದೆ. ನಾವು ಅದನ್ನು ಎತ್ತದೆ ಬಿಟ್ಟರೆ ಬ್ಯಾಂಕಿಗೆ ಬಡ್ಡಿ ಹುಟ್ಟುವುದಿಲ್ಲ. ಎತ್ತದೆ ಉಳಿಸಿದ್ದಕ್ಕಾಗಿ ಈ ಚಾರ್ಜು. ಬ್ಯಾಂಕಿಗೆ ಬರುವ ಬಡ್ಡಿಗೆ ಸರ್ಕಾರ ಹೊಸದಾಗಿ ತೆರಿಗೆ ಹಾಕಿದೆ. ಈ ಚಾರ್ಜನ್ನೂ ಬಡ್ಡಿಯೆಂದೇ ಎಣಿಸುತ್ತಾರೆ. ಆ ತೆರಿಗೆಯನ್ನು ಬ್ಯಾಂಕು ನಮ್ಮ ತಲೆಗೆ ದಾಟಿಸಿದೆ.

ಅಕ್ಕಾವ್ರು ತಮ್ಮನ ಕಡೆ ತಿರುಗಿ, "ನೋಡ್ಲಾ, ಸಿವನ ತಿಂಗಳಲ್ಲಿ ಸಾಲ ಮಾಡ್ನಿಲ್ಲ ಅಂತ ದಂಡ ಆಕವ್ರೆ. ಉಪಾಸ ಇದ್ದೋನ್ತಾವ ಓಟ್ಲಿನೋನು ಬಿಲ್ಲು ಇಸ್ಕಂಡಂಗಾಯ್ತು" ಅಂದರು.

"ಹೋಗ್ಲಿ ಬುಡಕ್ಕ, ನೂರಾರವತ್ತು ರೂಪಾಯಿ. ಅವರ ಜತೇಲಿ ಯಾಕೆ ನಮಗೆ?"

"ದುಡ್ಡು ಹೋಗ್ಲಿ ಕಣ್ಲಾ. ವ್ರತಕ್ಕೆ ತೆರಿಗೆ ಕಟ್ಟಿದ ವಂಶ ಅನ್ನಿಸ್ಕಬೇಕಾ?"

ಅವರು ಎದ್ದು ರಾಶಿಯ ಹತ್ತಿರ ಹೋಗಿ ಎರಡು ಕೊಬ್ಬರಿ ಗಿಟುಕು ಆರಿಸಿದರು. ಇಡೀ ಉಂಡೆಯಾಗಿ ಒಣಗಿದ ಕೊಬ್ಬರಿಗೆ ನಮ್ಮಲ್ಲಿ ಗಿಟುಕು ಅನ್ನುತ್ತಾರೆ. ಒಂದು ದಪ್ಪನೆಯದು, ಒಂದು ಚಿಕ್ಕದು. ಎರಡನ್ನೂ ಬೀದಿಯ ಕಡೆಯ ಕಿಟಕಿಯ ದಂಡೆಯ ಮೇಲೆ ಇಟ್ಟರು. "ದಪ್ಪಂದು ದಂಡ. ಚಿಕ್ಕದು ತೆರಿಗೆ. ಸ್ಟೇಟ್‌ಮೆಂಟ್‌ನಾಗೆ ಗೆರೆ ವಾಪಸು ಬರೋಗಂಟ ಇವು ಇಲ್ಲೇ ಕುಂತಿರ್ತವೆ. ಯಾರೂ ಮುಟ್ಟಂಗಿಲ್ಲ." ಹೀಗೆ ಯುದ್ಧ ಘೋಷಣೆಯಾಯಿತು.

ಶತ್ರುಪಕ್ಷದ ಸೇನಾಪತಿ ಬ್ಯಾಂಕಿನ ಅಕೌಂಟೆಂಟು. ಮ್ಯಾನೇಜರು ಇದ್ದರು, ಆದರೆ ಅವರು ಪರದೆಯ ಹಿಂದೆ ದೇವರಂತೆ ಇದ್ದವರು. ಪೂಜೆ, ನೈವೇದ್ಯ, ನಿವಾರಣೆ ಎಲ್ಲವೂ ಅಕೌಂಟೆಂಟರ ಮೂಲಕ. ಮೈಸೂರಿನ ಕಡೆಯವರು, ಇಸ್ತ್ರಿ ಮಾಡಿದ ತೋಳಿನ ಷರಟು, ಕೆಂಪು ಶಾಯಿಯ ಪೆನ್ನು. ನಾನು ಸ್ಟೇಟ್‌ಮೆಂಟನ್ನು ಅವರ ಮೇಜಿನ ಮೇಲೆ ಇಟ್ಟು ಎರಡು ಗೆರೆಗಳನ್ನು ತೋರಿಸಿದೆ.

"ಏನ್ರೀ ಗುಮಾಸ್ತರೇ, ಸರ್ಕ್ಯುಲರ್ ಪ್ರಕಾರ ಹಾಕಿದೀವಿ."

"ಸರ್ಕ್ಯುಲರಿನಲ್ಲಿ ನಮ್ಮಂಥ ಸಣ್ಣ ಮಿತಿಯವರಿಗೂ ಹಾಕಬೇಕು ಅಂತ ಇದೆಯಾ ಸಾರ್?"

"ಸರ್ಕ್ಯುಲರು ಬ್ಯಾಂಕಿನ ಒಳಗಿನ ಕಾಗದ. ಮಂಡಿಯವರಿಗೆ ಓದಿ ಹೇಳೋಕೆ ಪುರಾಣ ಅಲ್ಲ."

"ಹಾಗಾದರೆ ಅರ್ಜಿ ಬರೆದುಕೊಡ್ತೀನಿ ಸಾರ್."

"ಬರೀರಿ. ಹೆಡ್ ಆಫೀಸಿಗೆ ಕಳಿಸ್ತೀವಿ. ಅಷ್ಟರಲ್ಲಿ ಇದನ್ನ ರುಜು ಮಾಡಿಸಿಕೊಂಡು ಬನ್ನಿ" ಎಂದು ಒಂದು ಕಾಗದ ನೂಕಿದರು. ಡಿಸೆಂಬರ್ ಕೊನೆಗೆ ನಮ್ಮ ಖಾತೆಯಲ್ಲಿ ಇಂತಿಷ್ಟು ಬಾಕಿ ಇದೆ, ಅದು ಸರಿಯಾಗಿದೆ ಎಂದು ನಾವು ಒಪ್ಪುತ್ತೇವೆ ಎನ್ನುವ ಪತ್ರ. ಆ ಬಾಕಿಯೊಳಗೆ ದಂಡವೂ ತೆರಿಗೆಯೂ ಸೇರಿದ್ದವು. ಅದಕ್ಕೆ ಇಬ್ಬರೂ ರುಜು ಹಾಕಿದರೆ ತಪ್ಪನ್ನೇ ಸರಿಯೆಂದು ಬರೆದುಕೊಟ್ಟಂತೆ. ರುಜು ಹಾಕದೆ ಹೋದರೆ ಫೈಲು ಅಪೂರ್ಣ, ಯುಗಾದಿಯ ಹೊತ್ತಿಗೆ ಬರುವ ಮಿತಿಯ ನವೀಕರಣ ನಿಲ್ಲುತ್ತದೆ. ಬೇಸಿಗೆಯಲ್ಲಿ ಅಟ್ಟಗಳಿಂದ ಕೊಬ್ಬರಿ ಇಳಿಯುತ್ತದೆ. ಹೊನ್ನವಳ್ಳಿ, ಶೆಟ್ಟಿಕೆರೆ ಕಡೆಯ ಗಾಡಿಗಳು ಬಂದು ನಿಂತಾಗ ನಮ್ಮ ಕೈಯಲ್ಲಿ ಬ್ಯಾಂಕಿನ ದುಡ್ಡು ಇಲ್ಲದಿದ್ದರೆ ಆ ವರ್ಷ ನಮಗೆ ಹನ್ನೆರಡೂ ತಿಂಗಳು ಕಾರ್ತಿಕ ಮಾಸ. ಎದುರು ಮಂಡಿಯವರು ಆಗಲೇ ಹೊಸ ತಕ್ಕಡಿ ಕಟ್ಟಿಸಿದ್ದರು.

ಪತ್ರವನ್ನು ತಂದು ಓದಿದೆ. ಯಜಮಾನರು ಪೆನ್ನಿಗೆ ಕೈ ಹಾಕಿದರು. ಅಕ್ಕಾವ್ರು ಕಾಗದವನ್ನು ಮಡಚಿ ಗಿಟುಕುಗಳ ಕೆಳಗೆ ಇಟ್ಟರು. ಗಾಳಿಗೆ ಹಾರದಿರಲಿ ಎಂದು.

ಅಂದಿನಿಂದ ಮಂಡಿಗೆ ಬಂದ ಪ್ರತಿಯೊಬ್ಬ ರೈತನೂ ಕಿಟಕಿಯ ಕಡೆ ನೋಡಿ, "ಇದೇನಮ್ಮಾ, ಗಿಟುಕು ಬಿಸಿಲಿಗೆ ಕುಂತವೆ" ಅನ್ನುವುದು, ಅಕ್ಕಾವ್ರು ಮೊದಲಿಂದ ಕಡೆಯವರೆಗೆ ಕಥೆ ಹೇಳುವುದು ಮಾಮೂಲಾಯಿತು. ದಿನ ಕಳೆದಂತೆ ಕಥೆ ಪರಿಷ್ಕಾರವಾಗುತ್ತ ಹೋಯಿತು. ಮೊದಲ ವಾರ ಅಕೌಂಟೆಂಟರು ತಪ್ಪು ಮಾಡಿದವರು. ಎರಡನೆಯ ವಾರ ಶಿವದ್ರೋಹಿ. ಮೂರನೆಯ ವಾರ ಅವರಿಗೆ ಸಾಲ ಇಲ್ಲದವರನ್ನು ಕಂಡರೆ ನಿದ್ದೆ ಬರುವುದಿಲ್ಲ ಎನ್ನುವ ಕಾಯಿಲೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬ್ಯಾಂಕಿನವರು ಕಾಫಿ ಕುಡಿಯಲು ಬಂದರೆ, "ಕುಡೀದೆ ಇದ್ರೂ ಬಿಲ್ಲು ಕೊಡ್ಬೇಕಾ ಸಾಮಿ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳುತ್ತಿದ್ದರಂತೆ. ಇದು ನನ್ನ ಕಿವಿಗೆ ಬಿದ್ದದ್ದು ಅಕೌಂಟೆಂಟರ ಬಾಯಿಂದಲೇ. ಹೇಳುವಾಗ ಅವರು ನಗುತ್ತಿರಲಿಲ್ಲ.

"ನಿಮ್ಮ ಯಜಮಾನಿಗೆ ಹೇಳ್ರೀ, ಬ್ಯಾಂಕಿನ ಮರ್ಯಾದೆ ತೆಗೆದರೆ ಕೇಸು ಹಾಕಬಹುದು ಅಂತ."

ನಾನು ಅದನ್ನು ಅಕ್ಷರಶಃ ಒಯ್ದು ಹೇಳಿದೆ. ರಾಯಭಾರಿಗೆ ಅಕ್ಷರ ತಪ್ಪಬಾರದು.

"ಯೋಳಪ್ಪ ಅವ್ನಿಗೆ," ಅಂದರು ಅಕ್ಕಾವ್ರು, "ಕಿಟಕೀಲಿ ಕೊಬ್ಬರಿ ಇಟ್ರೆ ಹೋಗೋ ಮರ್ಯಾದೆ ಆದ್ರೆ, ಅದು ಇದ್ದಿದ್ದೇ ಎಷ್ಟು ಅಂತ."

ಅದನ್ನೂ ಒಯ್ದು ಹೇಳಿದೆ. ಅಕೌಂಟೆಂಟರು ಕೆಂಪು ಪೆನ್ನಿನ ಮುಚ್ಚಳವನ್ನು ಹಾಕಿದರು, ತೆಗೆದರು, ಹಾಕಿದರು. ಆ ದಿನ ನಮ್ಮ ಚೆಕ್ಕು ಪಾಸಾಗಲು ಬ್ಯಾಂಕಿನ ಬಾಗಿಲು ಮುಚ್ಚುವ ಹೊತ್ತಾಯಿತು.

ಶಿವರಾತ್ರಿಗೆ ಮುಂಚೆ ಹೆಡ್ ಆಫೀಸಿನ ಉತ್ತರ ಬಂದ ಸುದ್ದಿ ತಿಳಿಯಿತು. ಆ ಚಾರ್ಜು ದೊಡ್ಡ ದೊಡ್ಡ ಮಿತಿಗಳಿಗೆ ಮಾತ್ರ, ನಮ್ಮಂಥದಕ್ಕೆ ಇಲ್ಲ, ಹಾಕಿದ್ದನ್ನು ವಾಪಸು ಮಾಡತಕ್ಕದ್ದು. ಇದನ್ನು ನನಗೆ ಹೇಳಿದ್ದು ಕೌಂಟರಿನ ಗುಮಾಸ್ತ. ಅಕೌಂಟೆಂಟರು ಹೇಳಿದ್ದು ಇಷ್ಟೇ: "ಕ್ರೆಡಿಟ್ ಆಗಿದೆ. ಹೋಗಿ ಆ ಕಾಯಿ ತೆಗೆಸಿ."

"ಲೆಡ್ಜರಿನಲ್ಲಿ ಒಂದು ಸಲ ನೋಡಬಹುದಾ ಸಾರ್?"

"ಲೆಡ್ಜರು ಬ್ಯಾಂಕಿಂದು."

"ಸ್ಟೇಟ್‌ಮೆಂಟು?"

"ತಿಂಗಳ ಕೊನೆಗೆ ಎಲ್ಲರಿಗೂ ಬರೋ ಹಾಗೆ ಬರುತ್ತೆ. ನನ್ನ ಮಾತು ಸಾಲದಾ?"

ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಿರಲಿಲ್ಲ. ಇದ್ದವರು ಕೊಟ್ಟರು. "ಅವ್ನ ಮಾತು ನಂಬಂಗಿದ್ರೆ ಆ ಗೆರೇನೂ ನಂಬ್ತಿದ್ವಲ್ಲಪ್ಪ. ಸೀಲು ಬಿದ್ದ ಕಾಗದ ತತ್ತಾ."

ತಿಂಗಳ ಕೊನೆಗೆ ಕಾಗದ ಬಂತು. ಗದ್ದುಗೆ, ಹೊಸ್ತಿಲು, ನಡುವೆ ನಾನು. ಜಮೆಯ ಕಡೆಯಲ್ಲಿ ಒಂದು ಗೆರೆ: ಕಮಿಟ್ಮೆಂಟ್ ಚಾರ್ಜು ವಾಪಸು, ನೂರೈವತ್ತು. ಬಾಕಿಯೂ ಅಷ್ಟೇ ಇಳಿದಿತ್ತು. ಕೆಳಗೆ ನೋಡಿದೆ, ಹಿಂದಿನ ಪುಟ ತಿರುಗಿಸಿದೆ, ಬೆಳಕಿಗೆ ಹಿಡಿದೆ. ತೆರಿಗೆಯ ಗೆರೆ ಇಲ್ಲ.

ಅಕ್ಕಾವ್ರು ಎರಡು ಸಲ ಓದಿಸಿದರು. ಎರಡೂ ಸಲ ಒಂದೇ ಅರ್ಥ ಬಂತು. ಎದ್ದು ಹೋಗಿ ದಪ್ಪ ಗಿಟುಕನ್ನು ಕೆಳಗಿಳಿಸಿ ಅಡುಗೆಮನೆಗೆ ಕಳಿಸಿದರು. ಆ ವಾರ ಮಂಡಿಯಲ್ಲಿ ಎಲ್ಲರಿಗೂ ಮಧ್ಯಾಹ್ನ ರೊಟ್ಟಿಯ ಜತೆ ಚಟ್ನಿಪುಡಿ ಬಂತು. ಚಿಕ್ಕದು ಕಿಟಕಿಯಲ್ಲೇ ಉಳಿಯಿತು. ಒಂಟಿಯಾದ ಮೇಲೆ ಅದು ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತಿತ್ತು.

ಮತ್ತೆ ಬ್ಯಾಂಕಿಗೆ ಹೋದೆ.

"ತೆರಿಗೆ ಸರ್ಕಾರದ್ದು ಕಣ್ರೀ," ಅಂದರು ಅಕೌಂಟೆಂಟರು. "ಅದು ನಮ್ಮ ಹತ್ರ ಇಲ್ಲ. ಹೆಡ್ ಆಫೀಸಿಗೆ ಹೋಗಿದೆ, ಅಲ್ಲಿಂದ ಡೆಲ್ಲಿಗೆ. ಹತ್ತೂವರೆ ರೂಪಾಯಿಗೆ ನಾನು ಡೆಲ್ಲಿಗೆ ಹೋಗ್ಲಾ?"

"ಚಾರ್ಜೇ ಇಲ್ಲ ಅಂದ ಮೇಲೆ ಅದರ ಮೇಲೆ ತೆರಿಗೆ ಎಲ್ಲಿಂದ ಬರುತ್ತೆ ಸಾರ್? ಹೆಡ್ ಆಫೀಸಿನ ಉತ್ತರದಲ್ಲಿ ಏನಿದೆ?"

ಉತ್ತರದಲ್ಲಿ ಎರಡನ್ನೂ ವಾಪಸು ಮಾಡಲು ಹೇಳಿತ್ತೆಂದು ಆಮೇಲೆ ಕೌಂಟರಿನ ಗುಮಾಸ್ತನಿಂದ ತಿಳಿಯಿತು. ಆದರೆ ತೆರಿಗೆಯ ಬಾಬ್ತನ್ನು ಶಾಖೆಯಿಂದ ಹೆಡ್ ಆಫೀಸಿಗೆ ಆಗಲೇ ದಾಟಿಸಿಬಿಟ್ಟಿದ್ದರಿಂದ, ಅಲ್ಲಿಂದ ಅದು ಮರಳಿ ಬಂದಿದೆಯೆನ್ನುವ ಚೀಟಿ, ಬ್ಯಾಂಕಿನವರ ಬಾಯಲ್ಲಿ ಅಡ್ವೈಸು, ಬಂದ ಮೇಲೆ ನಮಗೆ ಜಮೆ ಮಾಡಬೇಕು. ಅಷ್ಟೇ ವಿಷಯ. ಇದನ್ನು ಸಮಾಧಾನವಾಗಿ ಹೇಳಿದ್ದರೆ ಅಕ್ಕಾವ್ರೂ ಕಾಯುತ್ತಿದ್ದರೇನೋ. ಅಕೌಂಟೆಂಟರು ಹೇಳಿದ್ದು ಹೀಗೆ: "ಅಡ್ವೈಸು ಬರಬೇಕು. ಬಂದ್ರೂ ಆ ಕಾಯಿ ಕಿಟಕಿಯಿಂದ ಇಳಿಯೋವರೆಗೆ ನಾನು ವೋಚರು ಬರೆಯಲ್ಲ. ಹೇಳಿ ಹೋಗಿ."

ಹೇಳಿದೆ.

"ಗೆರೆ ಕಾಣೋಗಂಟ ಗಿಟುಕು ಇಳಿಯಕಿಲ್ಲ. ಯೋಳಿ ಬಾ" ಅಂದರು ಅಕ್ಕಾವ್ರು.

ಹೀಗೆ ನಾನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಗಿ ಬಂದು ಚಪ್ಪಲಿಯ ಹಿಮ್ಮಡಿ ಸವೆಸಿದೆ. ಗಿಟುಕು ಮೊದಲು ಇಳಿಯಬೇಕೆಂದು ಆತ, ಗೆರೆ ಮೊದಲು ಬರಬೇಕೆಂದು ಈಕೆ. ಗಿಟುಕು ಬಿಸಿಲಿಗೆ ಒಣಗಿ ಒಣಗಿ ಸುಕ್ಕು ಬಿದ್ದಿತು. ನನಗೂ ಹಾಗೇ ಆಗಿದೆಯೆಂದು ಮನೆಯಲ್ಲಿ ಹೇಳಿದರು.

ಯಜಮಾನರ ತಾಳ್ಮೆಯೂ ಒಣಗಿತ್ತು. ಒಂದು ದಿನ ಅಕ್ಕಾವ್ರು ಮಠಕ್ಕೆ ಹೋಗಿದ್ದಾಗ ಅವರು ಎದ್ದು, ಬೀದಿಯ ಆ ಕಡೆ ಈ ಕಡೆ ನೋಡಿ, ಗಿಟುಕನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು. "ನೀನು ನೋಡ್ಲಿಲ್ಲ ಕಣಪ್ಪ" ಅಂದರು ನನಗೆ. ನಾನು ನೋಡಲಿಲ್ಲ. ಆದರೆ ಎದುರು ಮಂಡಿಯವರು ನೋಡಿದರು. ಅಕ್ಕಾವ್ರು ಮಠದಿಂದ ಬರುವ ದಾರಿಯಲ್ಲೇ, "ಏನಮ್ಮಾ, ರಾಜಿ ಆಯ್ತಂತೆ" ಎಂದು ಕುಶಲ ವಿಚಾರಿಸಿದರಂತೆ. ಅಕ್ಕಾವ್ರು ಒಳಗೆ ಬಂದು, ರಾಶಿಯಲ್ಲಿ ಅತಿ ದೊಡ್ಡ ಗಿಟುಕನ್ನು ಹುಡುಕಿ ಕಿಟಕಿಯಲ್ಲಿಟ್ಟರು. ಆಮೇಲೆ ತಮ್ಮನ ಮುಂದೆ ನಿಂತರು.

"ಜೇಬು ಯಾಕ್ಲಾ ಉಬ್ಬೈತೆ?"

"ಅಕ್ಕಾ, ಯುಗಾದಿಗೆ ಇನ್ನೆಷ್ಟು ದಿನ ಐತೆ? ಮಿತಿ ನವೀಕರಣ ಆಗದೆ ಹೋದ್ರೆ ಗಾಡಿಗಳು ಎದುರುಗಡೆ ನಿಂತ್ಕತವೆ. ಹತ್ತೂವರೆ ರೂಪಾಯಿಗೆ ಒಂದು ಸುಗ್ಗೀನೇ ಕಳೀತೀಯ ನೀನು."

"ನಾನು ಕಳೀತೀನಾ? ಆ ಗೆರೆ ಎಳ್ದೋನು ನಾನಾ?"

"ನನ್ನ ರುಜು ಹಾಕಿ ಕೊಡ್ತೀನಿ."

"ಹಾಕು. ನಿನ್ನ ಪಕ್ಕದ ಜಾಗ ಖಾಲಿ ಇರ್ತದೆ. ಅಲ್ಲಿ ಅಕೌಂಟೆಂಟ್ನೇ ಕುಂಡ್ರುಸ್ಕೊ."

ಯಜಮಾನರು ಜೇಬಿನಿಂದ ಗಿಟುಕು ತೆಗೆದು ಗದ್ದುಗೆಯ ಮೇಲೆ ಇಟ್ಟು ಹೊರಗೆ ಹೋದರು. ಎರಡು ದಿನ ಅಕ್ಕ ತಮ್ಮ ಮಾತಾಡಲಿಲ್ಲ. ಅವರಿಬ್ಬರ ನಡುವೆಯೂ ನಾನೇ ರಾಯಭಾರಿ. "ಊಟಕ್ಕೆ ಬರ್ತಾನಾ ಕೇಳಪ್ಪ" ಎಂದು ಹೊಸ್ತಿಲಿನಿಂದ. "ಹಸಿವಿಲ್ಲ ಅನ್ನಪ್ಪ" ಎಂದು ಗದ್ದುಗೆಯಿಂದ. ಇಬ್ಬರ ನಡುವೆ ದೂರ ಹತ್ತು ಅಡಿ ಇದ್ದೀತು.

ಬಾಗಿಲು ತೆರೆದದ್ದು ನ್ಯಾಯದಿಂದಲ್ಲ, ಇನ್‌ಸ್ಪೆಕ್ಷನ್ನಿನಿಂದ. ಹೆಡ್ ಆಫೀಸಿನಿಂದ ಇನ್‌ಸ್ಪೆಕ್ಟರೊಬ್ಬರು ಬರುವವರಿದ್ದರು. ಸಾಲದ ಪ್ರತಿ ಖಾತೆಗೂ ಬಾಕಿ ಒಪ್ಪಿದ ಪತ್ರ ಫೈಲಿನಲ್ಲಿ ಇರಲೇಬೇಕು. ನಮ್ಮ ಬೀದಿಯಲ್ಲಿ ನಮ್ಮದೊಂದೇ ಇರಲಿಲ್ಲ. ಅಕೌಂಟೆಂಟರು ನನ್ನನ್ನು ಕರೆಸಿ ಮೊದಲ ಬಾರಿಗೆ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ, ಅಪಾಯವೆನ್ನಿಸಿತು.

"ಅಡ್ವೈಸು ಬಂದಿದೆ. ವೋಚರು ಪಾಸ್ ಮಾಡ್ತೀನಿ. ನಿಮ್ಮವರು ಬಂದು ರುಜು ಹಾಕಲಿ."

"ಬರೋದಿಲ್ಲ ಸಾರ್."

"ಯಾಕೆ?"

"ಗೆರೆ ಕಾಣೋವರೆಗೆ ಬರೋದಿಲ್ಲ."

"ಸ್ಟೇಟ್‌ಮೆಂಟು ಕೊಟ್ಟು ಕಳಿಸಿದ ಮೇಲೆ ರುಜು ಹಾಕದೆ ಹೋದ್ರೆ? ಆ ಕಾಯಿ ಅಲ್ಲೇ ಇದ್ರೆ? ಇನ್‌ಸ್ಪೆಕ್ಟರು ಇಳ್ಕೊಳ್ಳೋದು ಆ ಬೀದಿ ತುದಿಯ ಲಾಡ್ಜಿನಲ್ಲಿ."

ಈ ಕೊನೆಯ ವಾಕ್ಯವನ್ನು ಅವರು ನನಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. ಆದರೂ ನಾನು ಅದನ್ನೂ ಒಯ್ದೆ. ಅಕ್ಕಾವ್ರು ಕೇಳಿ, ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗೆ ಹಾಕಿಕೊಂಡ ಮೇಲೆ ಹೇಳಿದರು: "ಅವ್ನೇ ಬರ್ಲಿ. ಗೆರೆ ತರ್ಲಿ. ಇತ್ಲಾಗೆ ಗೆರೆ, ಅತ್ಲಾಗೆ ಗಿಟುಕು. ಒಟ್ಟಿಗೇ."

ಅಕೌಂಟೆಂಟರು ಬಂದರು. ಹಾಗೆ ಬರುವುದು ಬ್ಯಾಂಕಿನ ಅಧಿಕಾರಿಗೆ ಹೊಸದೇನಲ್ಲ. ಗೋಡೌನಿನ ದಾಸ್ತಾನು ನೋಡಲು ಬರುತ್ತಾರೆ. ಅವರು ಹೊರಗೆ ಬೀದಿಯವರಿಗೆ ಕೇಳುವಂತೆ, "ಸ್ಟಾಕು ತಪಾಸಣೆ" ಎಂದು ಹೇಳಿಕೊಂಡೇ ಒಳಗೆ ಬಂದರು. ಎದುರು ಮಂಡಿಯವರು ತಕ್ಕಡಿ ಒರೆಸುವುದನ್ನು ನಿಲ್ಲಿಸಿದರು.

ಕಾಫಿ ಬಂತು. ಅವರು ಮುಟ್ಟಲಿಲ್ಲ.

"ಕುಡೀರಿ ಸಾಮಿ," ಅಂದರು ಅಕ್ಕಾವ್ರು ಹೊಸ್ತಿಲಿನಿಂದ. "ಕುಡೀದೆ ಬಿಟ್ರೆ ನಾವೇನೂ ಚಾರ್ಜು ಆಕಾಕಿಲ್ಲ."

ಅವರು ಚರ್ಮದ ಚೀಲದಿಂದ ಸ್ಟೇಟ್‌ಮೆಂಟು ತೆಗೆದು ನನ್ನ ಕೈಗೆ ಕೊಟ್ಟರು. ಕೈಯಲ್ಲೇ ಬರೆದ ಹಾಳೆ. ನಾನು ಓದಿದೆ. ಡಿಸೆಂಬರಿನ ಎರಡು ಖರ್ಚಿನ ಗೆರೆಗಳು. ಫೆಬ್ರವರಿಯ ಒಂದು ಜಮೆ, ನೂರೈವತ್ತು. ಆವತ್ತಿನ ತಾರೀಖಿಗೆ ಇನ್ನೊಂದು ಜಮೆ: ಬಡ್ಡಿ ತೆರಿಗೆ ವಾಪಸು, ಹತ್ತು ರೂಪಾಯಿ ಐವತ್ತು ಪೈಸೆ. ಜಮೆಯ ಕಡೆಯಲ್ಲೇ ಇತ್ತು. ಬಾಕಿ ಅಷ್ಟೇ ಇಳಿದಿತ್ತು. ಗೆರೆಯ ಪಕ್ಕದಲ್ಲಿ ಅವರ ಚಿಕ್ಕ ರುಜು, ಕೆಳಗೆ ಸೀಲು. ಇನ್ನೂ ಒಂದು ಇತ್ತು, ನಾವು ಕೇಳದೆ ಇದ್ದದ್ದು. ಎರಡು ಜಮೆಗಳ ಎದುರೂ ಕೆಂಪು ಶಾಯಿಯಲ್ಲಿ, ಡಿಸೆಂಬರ್ ಕೊನೆಯಿಂದಲೇ ಲೆಕ್ಕಕ್ಕೆ ಹಿಡಿಯತಕ್ಕದ್ದು ಎಂದು ಬರೆದಿತ್ತು. ಎಂದರೆ, ತಪ್ಪಾಗಿ ಹಾಕಿದ ದುಡ್ಡು ಖಾತೆಯಲ್ಲಿ ಸಾಲವಾಗಿ ಕೂತಿದ್ದ ಆ ದಿನಗಳಿಗೂ ನಮಗೆ ಬಡ್ಡಿ ಬೀಳುವುದಿಲ್ಲ. ನಾನು ಇದನ್ನು ವಿವರಿಸಿದೆ.

ಅಕ್ಕಾವ್ರು ಅಕೌಂಟೆಂಟರನ್ನು ನೋಡಿದರು. "ಇದು ಯಾಕೆ ಬರ್ದ್ರಿ ನೀವು? ನಾವು ಕೇಳಿರ್ಲಿಲ್ವಲ್ಲ."

"ನೀವು ಕೇಳೋಕೆ ಮುಂಚೆ ಬರೆಯೋದು ಒಳ್ಳೇದು ಅಂತ. ಮೂರನೇ ಕಾಯಿ ಕಿಟಕಿಗೆ ಹತ್ತೋದು ನನಗೆ ಬೇಡ."

"ಇನ್ನೊಂದ್ಸಲ ಓದಪ್ಪ" ಅಂದರು ಅಕ್ಕಾವ್ರು ನನಗೆ.

ಓದಿದೆ. ಅಕೌಂಟೆಂಟರು ತಮ್ಮದೇ ಬರಹವನ್ನು ಎರಡನೆಯ ಸಲ ಕೇಳಬೇಕಾಗಿ ಬಂದದ್ದಕ್ಕೆ ಕೊಬ್ಬರಿ ರಾಶಿಯ ಕಡೆ ಮುಖ ಮಾಡಿದರು. ಅರ್ಥ ಅದೇ ಬಂತು.

ಆಗ ಅವರು ಹೊಸ ಪತ್ರ ತೆಗೆದರು. ಹಳೆಯದಲ್ಲ, ಈ ಜಮೆ ಆದ ಮೇಲೆ ಆವತ್ತಿನ ತಾರೀಖಿಗೆ ಉಳಿದ ಬಾಕಿಯನ್ನು ಬರೆದದ್ದು. ನಾನು ಸ್ಟೇಟ್‌ಮೆಂಟಿನ ಕೊನೆಯ ಅಂಕಿಯನ್ನೂ ಪತ್ರದ ಅಂಕಿಯನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ, ಒಂದೇ ಎಂದೆ. ಯಜಮಾನರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು, ರುಜು ಹಾಕಿಯೇಬಿಟ್ಟರು. ಪೆನ್ನು ಹೊಸ್ತಿಲಿಗೆ ಬಂತು.

ಅಕ್ಕಾವ್ರು ಹಾಕಲಿಲ್ಲ. "ಹಳೇ ಪತ್ರ ಎಲ್ಲಿ?" ಅಂದರು.

ನಾನು ಕಿಟಕಿಗೆ ಹೋಗಿ ಗಿಟುಕನ್ನು ಎತ್ತಿದೆ. ಕೆಳಗೆ ಡಿಸೆಂಬರಿನ ಪತ್ರ, ಮೇಲೆ ಎಣ್ಣೆಯ ದುಂಡನೆಯ ಕಲೆ. ಅಕ್ಕಾವ್ರು ಅದನ್ನು ಅಕೌಂಟೆಂಟರಿಗೆ ಕೊಡಿಸಿದರು. "ಇದ ಹರೀರಿ ಸಾಮಿ. ನಿಮ್ಮ ಕೈಯಾಗೇ."

"ಬ್ಯಾಂಕಿನ ಕಾಗದ ಹರಿಯೋಕಾಗಲ್ಲ. ರದ್ದು ಅಂತ ಬರೀತೀನಿ."

"ಬರ್ಕೊಳಿ. ಓದಪ್ಪ."

ರದ್ದು ಎಂದು ಅಡ್ಡಲಾಗಿ ಬರೆದು, ಕೆಳಗೆ ರುಜು ಮಾಡಿದರು. ಓದಿದೆ. ಅಕ್ಕಾವ್ರು ಆಗ ಹೊಸ ಪತ್ರಕ್ಕೆ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬೆಸುಗೆ ಹಾಕುವಂತೆ ರುಜು ಹಾಕಿದರು. ಆಮೇಲೆ ಗಿಟುಕನ್ನು ನನ್ನ ಕೈಯಿಂದ ತೆಗೆದುಕೊಂಡು ಅಕೌಂಟೆಂಟರ ಕಡೆ ಚಾಚಿದರು.

"ತಗಳಿ, ಮನೆಗೆ."

"ಗಿರಾಕಿಗಳಿಂದ ಏನೂ ತಗೊಳ್ಳೋ ಹಾಗಿಲ್ಲ. ರೂಲ್ಸು."

"ತಗಬಾರ್ದಿದ್ದನ್ನ ತಗಂಡ್ರಲ್ಲ ಡಿಸೆಂಬರ್‌ನಾಗೆ. ಅವಾಗ ರೂಲ್ಸು ಎಲ್ಲೋಗಿತ್ತು?"

ಅವರು ಚೀಲದ ಬಕಲ್ ಹಾಕಿ ಎದ್ದರು. ಕಾಫಿ ಲೋಟದಲ್ಲಿ ಕೆನೆ ಕಟ್ಟಿತ್ತು. ಬಾಗಿಲ ಹತ್ತಿರ ನಿಂತು ತಿರುಗಿ, "ಮುಂದಿನ ದೀಪಾವಳಿಗೆ ಖಾತೆಯಲ್ಲಿ ಒಂದಿಷ್ಟು ಬಾಕಿ ಉಳಿಸಿಕೊಳ್ಳಿ. ಎಲ್ಲರಿಗೂ ಕ್ಷೇಮ" ಅಂದರು.

"ನೀವು ಒಂದು ತಿಂಗಳು ಗೆರೆ ಎಳೀದೆ ಇರಿ," ಅಂದರು ಅಕ್ಕಾವ್ರು, "ಅದು ಇನ್ನೂ ಕ್ಷೇಮ."

ಮಿತಿ ನವೀಕರಣವಾಯಿತು, ಯುಗಾದಿಗೆ ಮೂರು ದಿನ ಇರುವಾಗ. ಬೇಸಿಗೆಯ ಗಾಡಿಗಳು ನಮ್ಮ ಬಾಗಿಲಲ್ಲೇ ನಿಂತವು. ಎದುರು ಮಂಡಿಯ ಹೊಸ ತಕ್ಕಡಿ ಆ ವರ್ಷ ಬಹಳ ಮಟ್ಟಿಗೆ ಹೊಸದಾಗಿಯೇ ಉಳಿಯಿತು. ಅಕ್ಕ ತಮ್ಮ ಮಾತಾಡತೊಡಗಿದರು; ಮೊದಲಿನಷ್ಟಲ್ಲ. ಯಜಮಾನರು ಹತ್ತೂವರೆ ರೂಪಾಯಿಯ ಪ್ರಸ್ತಾಪ ಬಂದಾಗಲೆಲ್ಲ ಎದ್ದು ಗೋಡೌನಿಗೆ ಹೋಗುತ್ತಿದ್ದರು.

ಮುಂದಿನ ದೀಪಾವಳಿಗೆ ಸಾಲ ಮತ್ತೆ ಪೂರ್ತಿ ತೀರಿತು. ಕಾರ್ತಿಕ ಕಳೆಯಿತು. ಸಂಕ್ರಾಂತಿಗೆ ಸ್ಟೇಟ್‌ಮೆಂಟು ಬಂತು. ಅದರಲ್ಲಿ ಬಡ್ಡಿಯ ಗೆರೆಯೊಂದೇ. ಅದರ ಕೆಳಗೆ ಏನೂ ಇರಲಿಲ್ಲ. ಎರಡು ಸಲ ಓದಿದೆ.

ಅದಾದ ಕೆಲವು ದಿನಗಳಿಗೆ ಅಕೌಂಟೆಂಟರಿಗೆ ವರ್ಗವಾಯಿತು. ಊರು ಬಿಡುವ ಹಿಂದಿನ ದಿನ ಸಂಜೆ ಅವರು ನಮ್ಮ ಬೀದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದರು. ನಮ್ಮ ಮಂಡಿಯ ಮುಂದೆ ಬಂದವರು ನಿಂತುಬಿಟ್ಟರು. ಕಿಟಕಿಯ ದಂಡೆಯ ಮೇಲೆ ಒಂದು ಗಿಟುಕು ಕೂತಿತ್ತು. ಅವರ ಕತ್ತಿನ ಮೇಲೆ ಕೆಂಪು ಏರುವುದು ಸಂಜೆಬೆಳಕಿನಲ್ಲೂ ಕಾಣುತ್ತಿತ್ತು.

ನಾನು ಹೊರಗೆ ಬಂದೆ.

"ಇದು ಯಾವುದಕ್ಕೆ ಕಣ್ರೀ?" ಅಂದರು. "ಈ ಸಲ ನಾನು ಏನೂ ಹಾಕಿಲ್ಲ."

ಅಂದು ಮಧ್ಯಾಹ್ನ ಅಡುಗೆಗೆಂದು ತೆಗೆದಿಟ್ಟ ಗಿಟುಕನ್ನು ಯಾರೋ ಒಳಗೆ ಒಯ್ಯಲು ಮರೆತಿದ್ದರು, ಅಷ್ಟೇ. ನಾನು ಹೇಳಬಹುದಾಗಿತ್ತು.

"ಕೇಳಿ ಹೇಳ್ತೀನಿ ಸಾರ್" ಅಂದೆ.